ಪದಚರ್ಚೆ: 'ಭರವಸೆ', 'ನಂಬಿಕೆ', 'ಖಾತ್ರಿ' – ಜಾಹೀರಾತಿಗೆ ಯಾವ ಚೀಟಿ?

ಬಳ್ಳಾರಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯ ಒಂದು ಜೀನ್ಸ್ ಘಟಕದ ಆಫೀಸಿನಲ್ಲಿದ್ದೇನೆ. ಸಗಟು ವ್ಯಾಪಾರ ಮೊದಲಿಂದಲೂ ಇದೆ. ಈಚೆಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಕೊಟ್ಟು ಚಿಲ್ಲರೆಗೂ ಮಾರುತ್ತಿದ್ದೇವೆ. ಜಾಹೀರಾತು ನೋಡಿದವರು ವಾಟ್ಸ್‌ಆ್ಯಪ್‌ಗೆ ಮೆಸೇಜ್ ಹಾಕುತ್ತಾರೆ, ಆರ್ಡರ್ ಅಲ್ಲೇ ಆಗುತ್ತದೆ.

ಯಾವ ಜಾಹೀರಾತು ಗೆದ್ದಿತು ಅನ್ನುವುದು ಆ್ಯಪ್‌ನಲ್ಲೇ ಕಾಣುತ್ತದೆ. ಯಾವ ಮಾತು ಗೆದ್ದಿತು ಅನ್ನುವುದು ಕಾಣುವುದಿಲ್ಲ. ಅದಕ್ಕೇ ಎಕ್ಸೆಲ್‌ನಲ್ಲಿ ಪ್ರತಿ ಜಾಹೀರಾತಿನ ಎದುರು ಒಂದು ಪದ ಬರೆಯಲು ಶುರು ಮಾಡಿದೆವು: ಬೆಲೆ, ಬಾಳಿಕೆ, ಸ್ಟೈಲ್, ನಂಬಿಕೆ, ಭರವಸೆ, ನಮ್ಮೂರು. ಆಮೇಲೆ ಪದದ ಪ್ರಕಾರ ಮೆಸೇಜ್‌ಗಳನ್ನು ಕೂಡಿಸಿ ನೋಡುವುದು.

ತೊಂದರೆ ಬಂದಿದ್ದು ಕೊನೆಕೊನೆಯ ಪದಗಳಲ್ಲಿ. 'ಬಣ್ಣ ಹೋದರೆ ವಾಪಸ್ ತಗೋತೀವಿ' ಅನ್ನುವ ಹೆಡ್‌ಲೈನಿಗೆ ನಾನು 'ನಂಬಿಕೆ' ಅಂತ ಬರೆದೆ. ಆಫೀಸಿನ ಹುಡುಗ 'ಭರವಸೆ' ಅಂದ. 'ಮೊದಲ ಸಂಬಳ, ಮೊದಲ ಜೀನ್ಸ್' ಅನ್ನುವುದಕ್ಕೂ ಅವನು 'ಭರವಸೆ'ಯನ್ನೇ ಹಾಕಿದ್ದಾನೆ. ಕೇಳಿದರೆ, 'ಮುಂದೆ ಒಳ್ಳೇದಾಗುತ್ತೆ ಅನ್ನೋದೂ ಭರವಸೇನೇ ಅಲ್ವಾ ಅಕ್ಕಾ?' ಅಂತಾನೆ. ಅವನು ಹೇಳುವುದೂ ಸರಿಯೇ. ಈ ಮೂರ್ನಾಲ್ಕು ಪದಗಳ ನಡುವಿನ ಗೆರೆ ಎಲ್ಲಿದೆ? ಒಟ್ಟಾರೆ ಈ ಕೆಲಸಕ್ಕೆ 'ವಿಷಯ' ಅನ್ನಬೇಕೋ 'ಥೀಮ್' ಅಂತಲೇ ಬಿಡಬೇಕೋ? ತಿಳಿದವರು ಹೇಳಿ.

ರಾಯಚೂರಿನಿಂದ, ನಿವೃತ್ತ ಕನ್ನಡ ಅಧ್ಯಾಪಕರು

ಒಳ್ಳೆಯ ಪ್ರಶ್ನೆಯಮ್ಮ. 'ಭರವಸೆ'ಗೆ ಎರಡು ಮುಖವಿದೆ. ಒಬ್ಬರು ಇನ್ನೊಬ್ಬರಿಗೆ ಕೊಡುವ ಮಾತೂ ಭರವಸೆ, ಮನಸ್ಸಿನಲ್ಲಿ ಇಟ್ಟುಕೊಂಡ ನೆಚ್ಚಿಕೆಯೂ ಭರವಸೆ. 'ಮಂತ್ರಿಗಳು ಭರವಸೆ ಕೊಟ್ಟರು', 'ಮಗನ ಮೇಲೆ ಭರವಸೆ ಇದೆ' ಎರಡನ್ನೂ ಆಡುತ್ತೇವೆ. ನಿಮ್ಮ ಹುಡುಗನದು ತಪ್ಪಲ್ಲ. 'ನಂಬಿಕೆ' ಮಾತ್ರ ನಂಬುವವನ ಕಡೆಗೇ ಇರುತ್ತದೆ. 'ಖಾತ್ರಿ' ಕೊಡುವವನ ಕಡೆಗೆ ವಾಲುತ್ತದೆ, ಉದ್ಯೋಗ ಖಾತ್ರಿ ಅನ್ನುವ ಹಾಗೆ. ನಿಮ್ಮ ವಾಪಸ್ ತೆಗೆದುಕೊಳ್ಳುವ ಹೆಡ್‌ಲೈನಿಗೆ 'ಖಾತ್ರಿ'ಯೇ ಸರಿ. 'ಗ್ಯಾರಂಟಿ' ಎನ್ನಬಹುದಿತ್ತು. ಆದರೆ 2023ರಿಂದ ಈಚೆಗೆ ಆ ಪದ ಕಿವಿಗೆ ಬಿದ್ದರೆ ಜನರಿಗೆ ಗೃಹಲಕ್ಷ್ಮಿ ನೆನಪಾಗುತ್ತದೆಯೇ ಹೊರತು ಪ್ಯಾಂಟಲ್ಲ.

ಇನ್ನು ಥೀಮ್‌ಗೆ 'ಆಶಯ' ಎನ್ನಿ. ಜಾನಪದ ಅಧ್ಯಯನದಲ್ಲಿ ಕಥೆಗಳನ್ನು ವರ್ಗ, ಆಶಯ ಎಂದು ವಿಂಗಡಿಸುವ ಪದ್ಧತಿ ಇದೆ. ಬರೆದವನ ಆಶಯ ಏನೆಂದು ಕೇಳಿಕೊಂಡು ಒಂದು ಜಾಹೀರಾತಿಗೆ ಒಂದೇ ಪದ ಹಾಕಿ. ಎರಡು ಹಾಕಿದರೆ ಲೆಕ್ಕ ಕೆಡುತ್ತದೆ.

ಕೊಪ್ಪಳದ ಕಡೆಯಿಂದ, ಕಿನ್ನಾಳದ ಗೊಂಬೆ ಮಾರುವವರು

ನಂದೂ ಇದೇ ಸಮಸ್ಯೆ ಐತ್ರೀ. ನಾನು ಒಂದೊಂದು ಪೋಸ್ಟಿಗೂ ಇಪ್ಪತ್ತು ಟ್ಯಾಗ್ ಹಾಕ್ತೀನಿ, ಕಿನ್ನಾಳ, ಕರಕುಶಲ, ಕರ್ನಾಟಕ ಅಂತ. ಯಾವುದನ್ನ ಹಾಕಿದ್ರ ಹೆಚ್ಚು ಮಂದಿ ನೋಡ್ತಾರ ಅಂತ ತಿಳೀವಲ್ದು. ಒಂದು ಮಾತ್ರ ಖರೇ: ಬರೀ ಗೊಂಬಿ ಫೋಟೋಕ್ಕಿಂತ ಗೊಂಬಿಗೆ ಬಣ್ಣ ಹಚ್ಚೋ ಕೈ ಇರೋ ಫೋಟೋ ಭಾಳ ಓಡ್ತು. ದಸರಾ ಮುಂದ ಹಾಕಿದ್ದೆ. ಅದಕ್ಕ 'ಕೈ' ಅನ್ನೋದನ್ನೂ ಒಂದು ಟ್ಯಾಗ್ ಮಾಡ್ಕೊಳ್ರಿ.

ಗಂಗಾವತಿಯವರು, ಈಗ ಬೆಂಗಳೂರಿನ ಜಾಹೀರಾತು ಏಜೆನ್ಸಿಯಲ್ಲಿ

ಗೊಂಬೆಯವರು ಹೇಳುತ್ತಿರುವುದು ಹ್ಯಾಶ್‌ಟ್ಯಾಗ್. ಅದನ್ನು ನೋಡುಗರಿಗಾಗಿ ಹಾಕುವುದು. ಅಕ್ಕಾವರು ಕೇಳಿದ್ದು ನೋಡುಗರಿಗೆ ಕಾಣದ ಚೀಟಿ, ನಮ್ಮ ಲೆಕ್ಕಕ್ಕಾಗಿ ನಾವೇ ಅಂಟಿಸಿಕೊಳ್ಳುವುದು. ಆದರೂ 'ಕೈ' ಅನ್ನುವ ಅವರ ಸಲಹೆಯನ್ನು ಬಿಡಬೇಡಿ, ಕಾರಣ ಮುಂದೆ ಹೇಳುತ್ತೇನೆ.

ಮೇಷ್ಟ್ರು 'ಭರವಸೆ' ಬಿಡಿಸಿದ್ದು ಸರಿ. 'ಬರೆದವನ ಆಶಯ' ಕೇಳಬೇಕು ಅಂದದ್ದನ್ನು ನಾನು ಒಪ್ಪುವುದಿಲ್ಲ. ಬರೆದವನ ತಲೆಯಲ್ಲಿ ಏನಿತ್ತು ಅನ್ನುವುದು ಗಿರಾಕಿಗೆ ತಲುಪಿರಬೇಕೆಂದಿಲ್ಲ. ಚೀಟಿಗೆ ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು. 'ನಂಬಿಕೆ' ನೋಡಿದವನ ಮನಸ್ಸಿನಲ್ಲಿ ಹುಟ್ಟುವುದು, ಜಾಹೀರಾತಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಹಾಗಾಗಿ ಪ್ರತಿ ಪದಕ್ಕೂ ಹೌದು ಅಥವಾ ಇಲ್ಲ ಎಂದು ಉತ್ತರ ಬರುವ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ. ಏನಾದರೂ ಕೆಟ್ಟರೆ ನಾವು ಇಂಥದ್ದು ಮಾಡುತ್ತೇವೆ ಎಂದು ಅಂಗಡಿ ಹೇಳಿದೆಯಾ? ಹೌದಾದರೆ 'ಖಾತ್ರಿ'. ಬೇರೆ ಗಿರಾಕಿಯ ಮಾತೋ ಮುಖವೋ ಇದೆಯಾ? ಅದಕ್ಕೆ 'ಸಾಕ್ಷಿ' ಎನ್ನಿ. 'ನಂಬಿಕೆ', 'ಭರವಸೆ' ಎರಡನ್ನೂ ಪಟ್ಟಿಯಿಂದ ತೆಗೆದುಬಿಡಿ. 'ಮೊದಲ ಸಂಬಳ' ಅನ್ನುವುದು ಒಂದು ಸಂದರ್ಭ. ಹಬ್ಬ, ಮದುವೆ, ಕಾಲೇಜು ಸೇರುವುದು ಇವುಗಳ ಜೊತೆಗೆ ಅದನ್ನು ಇಡಿ.

ಒಂದೇ ಪದ ಅನ್ನುವುದೂ ಇಲ್ಲಿ ನಡೆಯುವುದಿಲ್ಲ. ಹೆಡ್‌ಲೈನ್ ಬೆಲೆ ಹೇಳುತ್ತಿರುತ್ತದೆ, ಚಿತ್ರದಲ್ಲಿ ಹೊಲಿಗೆ ಯಂತ್ರದ ಮೇಲಿನ ಕೈ ಇರುತ್ತದೆ. ಒಂದೇ ಪದಕ್ಕೆ ಇಳಿಸಿದರೆ ಮೆಸೇಜ್ ತಂದದ್ದು ಬೆಲೆಯೋ ಕೈಯೋ ಗೊತ್ತಾಗುವುದೇ ಇಲ್ಲ. ಚಿತ್ರಕ್ಕೆ ಬೇರೆ ಕಾಲಂ, ಹೆಡ್‌ಲೈನಿಗೆ ಬೇರೆ ಕಾಲಂ ಮಾಡಿ. ಜಾಹೀರಾತಿನ ಹೆಸರಿನಲ್ಲೇ ಎರಡನ್ನೂ ಸೇರಿಸಿಬಿಟ್ಟರೆ ರಿಪೋರ್ಟ್ ಇಳಿಸಿಕೊಂಡಾಗ ಎಕ್ಸೆಲ್‌ನಲ್ಲಿ ತಾನೇ ಬಿಡಿಸಬಹುದು:

```
img-kai_hd-bele_01
img-kai_hd-khatri_01
img-bike_hd-khatri_01
```

ಮೊದಲ ಎರಡರಲ್ಲಿ ಚಿತ್ರ ಒಂದೇ, ಹೆಡ್‌ಲೈನ್ ಬೇರೆ. ಕೊನೆಯ ಎರಡರಲ್ಲಿ ಹೆಡ್‌ಲೈನ್ ಒಂದೇ, ಚಿತ್ರ ಬೇರೆ. ಹೀಗೆ ಬೆರೆಸಿ ಓಡಿಸಿದರೆ ಮಾತ್ರ ಎರಡರ ಪಾಲು ಬೇರೆಬೇರೆಯಾಗಿ ಕಾಣುತ್ತದೆ. 'ಕೈ' ಚಿತ್ರದ ಜೊತೆ ಯಾವಾಗಲೂ 'ಬೆಲೆ'ಯೇ ಬಂದರೆ ಯಾವ ಲೆಕ್ಕವೂ ಅವನ್ನು ಬಿಡಿಸಲಾರದು.

ಗೊಂಬೆಯವರದೂ ಇದೇ ಕಥೆ. ಕೈ ಇರುವ ಫೋಟೋ ದಸರೆಯ ಮುಂದೆ ಬಂತು, ಬರೀ ಗೊಂಬೆಯ ಫೋಟೋಗಳು ಯಾವಾಗ ಬಂದವೋ. ಓಡಿದ್ದು ಕೈಯೋ ದಸರೆಯೋ?

ಇನ್ನು ನೀವಿಬ್ಬರೂ ಬೇರೆಬೇರೆ ಪದ ಬರೆದದ್ದು ಒಳ್ಳೆಯದೇ ಆಯಿತು, ಪದ ಎಲ್ಲಿ ಸಡಿಲವಿದೆ ಎಂದು ತೋರಿಸಿತು. ಹಳೆಯ ಜಾಹೀರಾತುಗಳನ್ನು ಇಬ್ಬರೂ ಒಬ್ಬರದೊಬ್ಬರು ನೋಡದೆ ಮತ್ತೆ ಗುರುತಿಸಿ. ಎಷ್ಟು ಮೆಸೇಜ್ ಬಂತು ಅನ್ನುವ ಕಾಲಂ ಮುಚ್ಚಿರಲಿ. ಗೆದ್ದದ್ದು ಗೊತ್ತಿದ್ದರೆ ಕೈ ತಾನಾಗಿಯೇ ಇಷ್ಟದ ಪದದ ಕಡೆ ಹೋಗುತ್ತದೆ. ಆಮೇಲೆ ಹೊಂದಿದವು ಎಷ್ಟು ಎಂದು ಎಣಿಸಿ. ಆ ಎಣಿಕೆಯೂ ಕಣ್ಕಟ್ಟು ಮಾಡುತ್ತದೆ, ಹುಷಾರು. ಇಬ್ಬರೂ ನೂರಕ್ಕೆ 80 ಜಾಹೀರಾತಿಗೆ 'ಬೆಲೆ ಇದೆ' ಎಂದು ಬರೆಯುವವರಾದರೆ, ಕಣ್ಣು ಮುಚ್ಚಿ ಬರೆದರೂ ಸುಮಾರು 68 ಹೊಂದಿಬಿಡುತ್ತವೆ. 70 ಹೊಂದಿತು ಎಂದು ಖುಷಿಪಡುವ ಹಾಗಿಲ್ಲ. ಈ ಅದೃಷ್ಟದ ಪಾಲನ್ನು ಕಳೆದು ನೋಡುವ ಅಳತೆಯೊಂದನ್ನು ಜೇಕಬ್ ಕೋಹೆನ್ 1960ರಲ್ಲೇ ಕೊಟ್ಟಿದ್ದಾರೆ, ಕಪ್ಪಾ ಅನ್ನುತ್ತಾರೆ. ನಿಮಗೆ ಅಷ್ಟೆಲ್ಲ ಬೇಡ. ಯಾವ ಪದದಲ್ಲಿ ಜಗಳ ಹೆಚ್ಚು ಎಂದು ನೋಡಿ ಆ ಪದದ ಪ್ರಶ್ನೆಯನ್ನು ತಿದ್ದಿದರೆ ಸಾಕು.

ಬಳ್ಳಾರಿಯಿಂದ

ತುಂಬಾ ಉಪಕಾರವಾಯಿತು ಸರ್. ಒಂದು ಅನುಮಾನ. ಪದವನ್ನು ಹೇಗೇ ಬದಲಿಸಿದರೂ ನಮ್ಮಲ್ಲಿ 'ಬೆಲೆ'ಯೇ ಗೆಲ್ಲುತ್ತಿದೆ, 'ಬಾಳಿಕೆ' ಹಿಂದೆ. ಮಾಲೀಕರು ಇನ್ನು ಮುಂದೆ ಎಲ್ಲದರಲ್ಲೂ ರೇಟೇ ಹಾಕೋಣ ಅಂತಿದ್ದಾರೆ.

ಗಂಗಾವತಿಯವರು

ಮಾಲೀಕರನ್ನು ಸ್ವಲ್ಪ ತಡೆಯಿರಿ. ಬೆಲೆಯ ಜಾಹೀರಾತನ್ನು ಯಾರಿಗೆ ತೋರಿಸಿದ್ದೀರಿ? ಬಹಳ ಕಡೆ ರೇಟಿನ ಜಾಹೀರಾತು ಹೋಗುವುದು ಹಳೇ ಗಿರಾಕಿಗಳಿಗೆ, ಮೊದಲೇ ಪೇಜ್ ನೋಡಿದವರಿಗೆ. ಅವರು ಹೇಗೂ ಮೆಸೇಜ್ ಹಾಕುವವರು. ಒಂದು ಲೆಕ್ಕ ಹಿಡಿಯೋಣ, ಅಂಕಿಗಳು ಸುಲಭಕ್ಕಾಗಿ ನಾನೇ ಕಟ್ಟಿದವು.

ಬೆಲೆಯ ಜಾಹೀರಾತನ್ನು ಹಳಬರು 8,000 ಜನ ನೋಡಿದರು, 240 ಮೆಸೇಜ್ ಬಂತು. ಹೊಸಬರು 2,000 ಜನ ನೋಡಿದರು, 10 ಬಂತು. ಒಟ್ಟು ಹತ್ತು ಸಾವಿರಕ್ಕೆ 250. ಬಾಳಿಕೆಯದು ತಿರುವುಮುರುವು: ಹಳಬರು 2,000 ಜನ, ಮೆಸೇಜ್ 80, ಹೊಸಬರು 8,000 ಜನ, ಮೆಸೇಜ್ 80. ಒಟ್ಟು ಹತ್ತು ಸಾವಿರಕ್ಕೆ 160. ಒಟ್ಟು ನೋಡಿದರೆ ಬೆಲೆ ಗೆದ್ದಿತು. ಈಗ ಬಿಡಿಸಿ ನೋಡಿ. ಹಳಬರಲ್ಲಿ ಬೆಲೆಗೆ ನೂರಕ್ಕೆ 3, ಬಾಳಿಕೆಗೆ ನೂರಕ್ಕೆ 4. ಹೊಸಬರಲ್ಲಿ ಬೆಲೆಗೆ ಅರ್ಧ, ಬಾಳಿಕೆಗೆ 1. ಎರಡೂ ಗುಂಪಿನಲ್ಲಿ ಬಾಳಿಕೆಯೇ ಮುಂದೆ! ಒಟ್ಟಿನಲ್ಲಿ ಬೆಲೆ ಗೆದ್ದಂತೆ ಕಂಡದ್ದು ಅದರ ಪಾಲಿಗೆ ಹಳಬರು ಹೆಚ್ಚು ಸಿಕ್ಕಿದ್ದರಿಂದ.

ಹಾಗೆಂದು ಬಾಳಿಕೆಯೇ ಗೆದ್ದಿತು ಎಂದೂ ಕುಣಿಯಬೇಡಿ. ಹೊಸಬರಿಂದ ಬೆಲೆಗೆ ಬಂದ 10 ಮೆಸೇಜ್, ಅದೃಷ್ಟ ಸ್ವಲ್ಪ ಆಚೀಚೆಯಾಗಿದ್ದರೆ 6 ಆಗಬಹುದಿತ್ತು, 16 ಕೂಡ ಆಗಬಹುದಿತ್ತು. ಸಣ್ಣ ಸಂಖ್ಯೆಯ ಮೇಲೆ ತೀರ್ಪು ಕೊಡಬಾರದು. ಇದಕ್ಕೇ ಈ ಚೀಟಿ ಕೆಲಸವನ್ನು ಹೊಸದಾಗಿ ಶುರು ಮಾಡಿದವರ ಪಟ್ಟಿಯಲ್ಲಿ ನಾನು ಆರೇಳು ಪದಕ್ಕಿಂತ ಹೆಚ್ಚು ಇಡಗೊಡುವುದಿಲ್ಲ. ಚೀಟಿ ಹೆಚ್ಚಿದಷ್ಟೂ ಒಂದೊಂದರ ಪಾಲಿಗೆ ಬರುವ ಮೆಸೇಜ್ ತೆಳ್ಳಗಾಗುತ್ತದೆ.

ಇನ್ನೊಂದು ಗೊಡವೆ ಫೇಸ್‌ಬುಕ್‌ನದೇ. ಒಂದೇ ಗುಂಪಿನಲ್ಲಿ ನಾಲ್ಕು ಜಾಹೀರಾತು ಇಟ್ಟರೆ ಅದು ನಾಲ್ಕಕ್ಕೂ ಸಮನಾಗಿ ದುಡ್ಡು ಹಂಚುವುದಿಲ್ಲ. ಯಾವುದು ಓಡಬಹುದು ಎಂದು ಮೊದಮೊದಲೇ ಅಂದಾಜು ಮಾಡಿ ಹೆಚ್ಚಿನ ಪಾಲನ್ನು ಅದಕ್ಕೇ ಸುರಿಯುತ್ತದೆ. ಉಳಿದವು ಸೋತವಲ್ಲ, ಅವಕ್ಕೆ ಸರದಿಯೇ ಬಂದಿರುವುದಿಲ್ಲ. ಚೀಟಿ ಲೆಕ್ಕದಿಂದ ಸಿಗುವುದು ಗುಮಾನಿ ಮಾತ್ರ. ಅದನ್ನು ಖಚಿತ ಮಾಡಿಕೊಳ್ಳಲು ಒಂದೇ ಚಿತ್ರ, ಎರಡು ಹೆಡ್‌ಲೈನ್ ಇಟ್ಟುಕೊಂಡು ಅಲ್ಲೇ ಇರುವ ಎ/ಬಿ ಟೆಸ್ಟ್ ಹಾಕಿ. ನೋಡುಗರನ್ನು ಫೇಸ್‌ಬುಕ್ಕೇ ಎರಡು ಪಾಲು ಮಾಡುತ್ತದೆ. ಪಾಲಿನೊಳಗೆ ಯಾರಿಗೆ ಮೊದಲು ತೋರಿಸಬೇಕು ಅನ್ನುವುದನ್ನು ಮಾತ್ರ ಆಗಲೂ ಅದು ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತದೆ, ಅದಕ್ಕೆ ನನ್ನ ಹತ್ತಿರವೂ ಮದ್ದಿಲ್ಲ.

ರಾಯಚೂರಿನ ಅಧ್ಯಾಪಕರು

'ಕಂಡದ್ದು' ಎಂಬ ಮಾತನ್ನು ಒಪ್ಪಿದೆ. ಆದರೆ 'ಆಶಯ'ವನ್ನು ನಾನು ಬಿಡುವುದಿಲ್ಲ. ಜಾನಪದದಲ್ಲಿ ಆಶಯ ಎಂದರೆ ಕಥೆಯಲ್ಲಿ ಕಣ್ಣಿಗೆ ಬೀಳುವ ತುಣುಕೇ, ಹೇಳಿದವನ ಇಂಗಿತವಲ್ಲ. ಒಂದು ಕಥೆಯಲ್ಲಿ ಹತ್ತು ಆಶಯ ಇರುತ್ತವೆ. ಆ ಲೆಕ್ಕದಲ್ಲಿ ಒಂದೇ ಪದ ಸಾಲದು ಎಂಬ ನಿಮ್ಮ ವಾದಕ್ಕೆ ಅದೇ ಆಧಾರ.

ಗಂಗಾವತಿಯವರು

ಪಂಡಿತರಿಗೆ ಸರಿ ಸರ್. ಆಫೀಸಿನ ಹುಡುಗ 'ಆಶಯ' ಎಂದು ಓದಿದರೆ ಉದ್ದೇಶ ಎಂದೇ ತಿಳಿದುಕೊಳ್ಳುತ್ತಾನೆ. ನಾನಂತೂ 'ಎಳೆ' ಅನ್ನುತ್ತೇನೆ, ಜೀನ್ಸ್‌ನವರಿಗೆ ಬಾಯಿಗೂ ಬರುತ್ತದೆ.

ಬಳ್ಳಾರಿಯಿಂದ

ಚಿತ್ರಕ್ಕೆ ಒಂದು, ಹೆಡ್‌ಲೈನಿಗೆ ಒಂದು ಕಾಲಂ ಮಾಡಿದೆವು. ಹಳಬರು, ಹೊಸಬರು ಎಂದು ಬಿಡಿಸುವುದು ನಡೆಯುತ್ತಿದೆ. 'ಖಾತ್ರಿ', 'ಸಾಕ್ಷಿ'ಯಲ್ಲಿ ಇಬ್ಬರ ಪದವೂ ಈಗ ಹೊಂದುತ್ತಿದೆ. ಜಗಳ ಉಳಿದಿರುವುದು 'ಸ್ಟೈಲ್' ಒಂದರಲ್ಲೇ. ಬೈಕಿಗೆ ಒರಗಿ ನಿಂತ ಹುಡುಗನ ಚಿತ್ರಕ್ಕೆ ನಾನು 'ಗತ್ತು' ಅಂದೆ, ಅವನು 'ಬೈಕ್ ಕಾಣಿಸ್ತಿದೆ, ಗತ್ತು ಎಲ್ಲಿ ಕಾಣಿಸ್ತಿದೆ ಅಕ್ಕಾ' ಅಂತ ನಿಮ್ಮ ನಿಯಮವನ್ನೇ ನನಗೆ ತಿರುಗಿಸಿದ. ಹಾಗಾದರೆ 'ಬೈಕ್' ಅಂತಲೇ ಬರೆದರೆ, ಸ್ಕೂಟಿ ಮೇಲೆ ಕೂತ ಹುಡುಗಿಯ ಚಿತ್ರವನ್ನು ಅದೇ ಗುಂಪಿಗೆ ಸೇರಿಸಬೇಕೋ ಬೇಡವೋ?