ಟೇಬಲ್ ಸರಿ, ವಸ್ತು ತಪ್ಪು: ನ್ಯಾಪ್‌ಸ್ಯಾಕ್ ಪ್ರಶ್ನೋತ್ತರ

ವಿದ್ಯಾರ್ಥಿನಿ, ಮಂಡ್ಯ: ಮೇಡಂ, 0/1 ನ್ಯಾಪ್‌ಸ್ಯಾಕ್ ಲೆಕ್ಕ: ಪ್ರತಿ ವಸ್ತುವನ್ನು ಇಡಿಯಾಗಿ ತಗೋಬೇಕು ಇಲ್ಲ ಬಿಡಬೇಕು, ಚೀಲದಲ್ಲಿ ಒಟ್ಟು ಬೆಲೆ ಆದಷ್ಟು ಜಾಸ್ತಿ ಆಗಬೇಕು. ಚೀಲ 9 ಕೆಜಿ. ವಸ್ತು ಮೂರು: 3 ಕೆಜಿಯದಕ್ಕೆ ಬೆಲೆ 10, 4 ಕೆಜಿಯದಕ್ಕೆ 12, 5 ಕೆಜಿಯದಕ್ಕೆ 16. ವಸ್ತುವಿಗೊಂದು ಸಾಲು, ಪ್ರತಿ ಕೆಜಿಗೊಂದು ಕಾಲಂ ಇರುವ ಟೇಬಲ್‌ನ ಕೊನೆಯ ಮೂಲೆಯಲ್ಲಿ 28 ಬಂತು. ಆದರೆ ಮೂರೂ ವಸ್ತು ತಗೊಂಡ ಹಾಗೆ ಬರ್ತಿದೆ. ಎಲ್ಲಿ ತಪ್ಪಿದೆ?

ಮೇಡಂ, ಮೈಸೂರು: 28 ಸರಿ. ಆದರೆ ಮೂರರ ತೂಕ ಕೂಡಿಸಿ ನೋಡಿ, 12 ಕೆಜಿ. ಚೀಲಕ್ಕೆ ಹಿಡಿಯುವುದೇ ಇಲ್ಲ. ಅಂದರೆ ಟೇಬಲ್ ತುಂಬಿದ್ದು ಸರಿ, ವಾಪಸ್ ಬಂದ ದಾರಿ ತಪ್ಪು.

ನೀವು 9ನೇ ಕಾಲಂನಲ್ಲೇ ನೇರ ಮೇಲಕ್ಕೆ ಹೋಗಿದ್ದೀರಿ. ಅಲ್ಲಿ ಕೆಳಗಿನಿಂದ 28, 22, 10, 0 ಇರುತ್ತೆ. ಪ್ರತಿ ಸಾಲಲ್ಲೂ ಸಂಖ್ಯೆ ಬೇರೆ, ಅದಕ್ಕೇ ಮೂರೂ ಸೇರಿದವು.

ಮತ್ತೆ ಮೂಲೆಯಿಂದ ಹೊರಡಿ. 28ರ ಮೇಲೆ 22 ಇದೆ, ಹಾಗಾಗಿ ಮೂರನೇ ವಸ್ತು ಚೀಲದಲ್ಲಿದೆ. ಅದಕ್ಕೆ 5 ಕೆಜಿ ಹೋಯಿತು, ಉಳಿದದ್ದು 4. ಈಗ ಒಂದು ಸಾಲು ಮೇಲೆ ಹೋಗುವಾಗ ಎಡಕ್ಕೂ ಸರಿದು 4ನೇ ಕಾಲಂಗೆ ಬನ್ನಿ. ಅಲ್ಲಿ 12, ಅದರ ಮೇಲೆ 10. ಎರಡನೆಯದೂ ಬಂತು. ಜಾಗ ಮುಗಿಯಿತು, ನಿಲ್ಲಿಸಿ. ಮೇಲಿನ ಸಂಖ್ಯೆ ಅದೇ ಆಗಿದ್ದರೆ ಮಾತ್ರ ಎಡಕ್ಕೆ ಸರಿಯಬೇಡಿ. ಕೊನೆಗೆ ಬೆಲೆ, ತೂಕ ಎರಡನ್ನೂ ಕೂಡಿಸಿ ನೋಡದೆ ಪೇಪರ್ ಕೊಡಬೇಡಿ.

ಮದ್ದೂರು ಹುಡುಗ: ಇಷ್ಟೆಲ್ಲ ಯಾಕೆ? ಕೆಜಿಗೆ ಜಾಸ್ತಿ ಬೆಲೆ ಇರೋದನ್ನು ಮೊದಲು ಹಾಕಿ. 29 ಬರುತ್ತೆ, 28 ಅಲ್ಲ.

ಮೇಡಂ, ಮೈಸೂರು: 29 ಬರಬೇಕಾದರೆ 4 ಕೆಜಿಯ ವಸ್ತುವಿನಿಂದ 1 ಕೆಜಿ ಕತ್ತರಿಸಬೇಕು. 0/1ರಲ್ಲಿ ಅದು ಆಗಲ್ಲ. ಕತ್ತರಿಸದೆ ನಿಮ್ಮ ದಾರಿಯಲ್ಲಿ ಹೋದರೆ 26ಕ್ಕೇ ನಿಲ್ಲುತ್ತೀರಿ.

ಮದ್ದೂರು ಹುಡುಗ: ನಮ್ಮ ಸರ್ ಹೀಗೇ ಹೇಳಿಕೊಟ್ಟಿದ್ದು.

ಸಾಫ್ಟ್‌ವೇರ್ ಅಣ್ಣ: ಪುಡಿ ಬೆಲ್ಲಕ್ಕೆ ಅದು ಸರಿ, ಅಚ್ಚು ಬೆಲ್ಲಕ್ಕೆ ಅಲ್ಲ. ಅದಿರಲಿ, ಕೆಲಸದಲ್ಲಿ ನಾವು ಇಡೀ ಟೇಬಲ್ ಬರೆಯಲ್ಲ, ಒಂದೇ ಸಾಲಿನ ಅರೇ ಸಾಕು.

ವಿದ್ಯಾರ್ಥಿನಿ, ಮಂಡ್ಯ: ಮೇಲಿನ ಸಾಲು ಅಳಿಸಿಹೋದರೆ ಯಾವ ವಸ್ತು ಅಂತ ಹೇಗೆ ಬರೆಯೋದು ಅಣ್ಣ?

ಸಾಫ್ಟ್‌ವೇರ್ ಅಣ್ಣ: ನಾನು ಹೇಳಿದ್ದು ಬೆಲೆ ಮಾತ್ರ ಬೇಕಾದಾಗ. ಆಗಲೂ ತೂಕವನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುತ್ತಾ ಬರಬೇಕು. ಇಲ್ಲದಿದ್ದರೆ ಒಂದೇ ವಸ್ತು ಎರಡು ಸಲ ಸೇರಿಬಿಡುತ್ತೆ.

ಕುವೆಂಪುನಗರ: ಎಲ್‌ಸಿಎಸ್, ಅಂದರೆ ಎರಡೂ ಪದದಲ್ಲಿ ಅದೇ ಕ್ರಮದಲ್ಲಿ ಬರುವ ಅತಿ ಉದ್ದದ ಅಕ್ಷರ ಸಾಲು, ಅದರ ಬಗ್ಗೆ ಫಾರ್ವರ್ಡ್ ಬಂದಿದೆ ಮೇಡಂ: "ಎಲ್‌ಸಿಎಸ್‌ಗೆ ಟೇಬಲ್ ಬೇಡ, ಎರಡೂ ಪದದಲ್ಲಿರುವ ಅಕ್ಷರ ಎಣಿಸಿ." ನಿಜಾನಾ?

ಮೇಡಂ, ಮೈಸೂರು: ಆ ಮೆಸೇಜ್ ಅಳಿಸಿ, ಯಾರಿಗೂ ಕಳಿಸಬೇಡಿ. DAM, MAD ತಗೊಳ್ಳಿ. ಮೂರು ಅಕ್ಷರವೂ ಎರಡರಲ್ಲೂ ಇವೆ, ಎಲ್‌ಸಿಎಸ್ ಉದ್ದ 1. ಅಕ್ಷರ ಬಿಡಬಹುದು, ಹಿಂದೆಮುಂದೆ ಮಾಡುವಂತಿಲ್ಲ.

ಹೊಸ ಸದಸ್ಯ: ಮೇಡಂ, ನನಗೂ ಮೂರೂ ವಸ್ತು ಬಂತು.

ಮೇಡಂ, ಮೈಸೂರು: ಮೇಲೆ ಬರೆದಿದ್ದೇನೆ. ಓದಿ.

ಮದ್ದೂರು ಹುಡುಗ: 29ಕ್ಕೆ ಅರ್ಧ ಅಂಕನಾದ್ರೂ ಕೊಡ್ತಾರಲ್ವಾ?

ಸಾಫ್ಟ್‌ವೇರ್ ಅಣ್ಣ: ಮೊದಲು ಪ್ರಶ್ನೆ ಓದೋದು ಕಲಿ.

ಮದ್ದೂರು ಹುಡುಗ: ನಿಮ್ಮನ್ನ ಕೇಳಿಲ್ಲ.

ಕುವೆಂಪುನಗರ: ಎಲ್‌ಸಿಎಸ್ ಟೇಬಲ್‌ನಲ್ಲಿ ವಾಪಸ್ ಬರುವಾಗ ಮೇಲೂ ಎಡಕ್ಕೂ ಒಂದೇ ಸಂಖ್ಯೆ ಇದ್ದರೆ ಬಾಣ ಯಾವ ಕಡೆ?

ವಿದ್ಯಾರ್ಥಿನಿ, ಮಂಡ್ಯ: ಯಾವ ಕಡೆ ಹೋದರೂ ಉದ್ದ ಅಷ್ಟೇ. ಅಕ್ಷರಗಳು ಮಾತ್ರ ಬೇರೆ ಬರಬಹುದು.

ಕುವೆಂಪುನಗರ: ಹಾಗಾದರೆ ಎರಡೂ ಬರೆಯಬೇಕಾ? ಮೇಡಂ?