ಮುಖದ ಮ್ಯಾಲಿನ ಬಣ್ಣ ಸ್ಟಿಕ್ಕರ್ ಹಂಗ ಕಾಣ್ತೈತಿ, ಏನ್ ಮಾಡ್ಲಿ?

ಕೇಳಿದವರು, ಬೆಳಗಾವಿ
ತಮ್ಮನ ಮೊಬೈಲ್ ಫೋಟೋಕ್ಕ ಫೋಟೋಶಾಪಿನ್ಯಾಗ ಉಕ್ಕಿನ ಕವಚ, ಕೆಂಪ ಕೇಪ್, ಮುಖಕ್ಕ ಬಿಳಿ-ಕಪ್ಪ ಪಟ್ಟಿ ಹಾಕೀನ್ರಿ. ಗೇಮ್ ಪೋಸ್ಟರಿಗೆ. ಬಣ್ಣ ಸ್ಟಿಕ್ಕರ್ ಅಂಟಿಸಿದಂಗ, ತಲಿ ಕವಚದ ಮ್ಯಾಲ ತಂದ್ ಇಟ್ಟಂಗ ಕಾಣ್ತೈತಿ. ಯಾರರೆ ದಾರಿ ಹೇಳ್ರಿ.

ಬಾಗಲಕೋಟೆಯಿಂದ
ಪಟ್ಟಿ ಇರೋ ಲೇಯರನ್ನ Multiply ಮಾಡಿ Opacity 60ಕ್ಕ ಇಳಸ್ರಿ. ಕೆಳಗಿನ ಚರ್ಮ ತಾನ ಕಾಣ್ತೈತಿ, ಮುಗೀತು.

ವಿಜಯಪುರ, ಫೋಟೋ ಸ್ಟುಡಿಯೋ
ಮ್ಯಾಲಿನವರು ಹೇಳಿದ್ದು ಕಪ್ಪ ಪಟ್ಟಿಗೆ ಖರೆ ಅದ. ಬಿಳಿಗೆ ನಡ್ಯಾಂಗಿಲ್ಲ. Multiplyದಾಗ ಬಿಳಿ ಪೂರಾ ಮಾಯ ಆಗ್ತದ, ಮಾಡಿ ನೋಡ್ರಿ. ಅದಕ್ಕ ಎರಡೂ ಬಣ್ಣ ಬ್ಯಾರೆ ಬ್ಯಾರೆ ಲೇಯರಿನ್ಯಾಗ ಇಡ್ರಿ. ಬಿಳಿ ಪಟ್ಟಿ Normalದಾಗ ಇರಲಿ, ಆದ್ರ ಅಚ್ಚ ಬಿಳಿ ಬ್ಯಾಡ. 225ರ ಆಸುಪಾಸಿನ, ಸ್ವಲ್ಪ ಹಳದಿ ಕಡೆ ವಾಲಿದ ಬಿಳಿ ತಗೋರಿ.

ಇನ್ನ ಲೇಯರ್ ಮ್ಯಾಲ ಎರಡ್ ಸಲ ಒತ್ತಿ Blend If ತೆಗೀರಿ. ಕೆಳಗಿನ Underlying Layer ಸಾಲಿನ್ಯಾಗ ಕರೇ ಗುಂಡಿಯನ್ನ Alt ಹಿಡದು ಸೀಳಿ, ಒಂದ್ ಭಾಗ 0 ಮ್ಯಾಲ ಬಿಟ್ಟು ಇನ್ನೊಂದನ್ನ 70ರ ತನಕ ಎಳೀರಿ. ಮೂಗಿನ ಬದಿ, ಕಣ್ಣಿನ ಕೆಳಗಿನ ಸುಕ್ಕು, ತುಟಿ ಅಂಚಿನ ನೆರಳು ಬಣ್ಣ ಸೀಳಿ ಮ್ಯಾಲ ಬರ್ತಾವ. ಕಪ್ಪ ಪಟ್ಟಿಗೆ ಇದರ ಉಲ್ಟಾ: ಬಿಳಿ ಗುಂಡಿ ಸೀಳಿ 200 ಮತ್ತ 245ಕ್ಕ ಇಡ್ರಿ. ಬಣ್ಣ ಹಚ್ಚಿದ ಮುಖದಾಗೂ ಮೂಗಿನ ತುದಿ ಹೊಳಿತದಲ್ಲ, ಆ ಹೊಳಪು ಬಣ್ಣದ ಮ್ಯಾಲ ಇರಬೇಕು, ಕೆಳಗಲ್ಲ.

ಇಷ್ಟಾದ್ರೂ ಪಟ್ಟಿ ನೆಟ್ಟಗ ರೂಲ್ ಹಿಡದಂಗ ಇದ್ರ ಸ್ಟಿಕ್ಕರೇ. ಗಲ್ಲದ ಏರಿಳಿತಕ್ಕ ಅದು ಬಾಗಬೇಕು. ಮೊದಲ ಬಣ್ಣ ಇಲ್ಲದ ಫೋಟೋದ ಒಂದ್ ನಕಲು ಮಾಡಿ, ಕಪ್ಪು-ಬಿಳುಪು ಮಾಡಿ, Gaussian Blur 3 ಕೊಟ್ಟು, ಬ್ಯಾರೆ ಹೆಸರಿನಿಂದ PSD ಆಗಿ ಉಳಸ್ರಿ. PNG ಆದ್ರ ತಗೊಳ್ಳಾಂಗಿಲ್ಲ. ಆಮ್ಯಾಲ ಪಟ್ಟಿ ಲೇಯರ್ ಮ್ಯಾಲ Filter > Distort > Displace ಹೋಗಿ ಎರಡೂ ಕಡೆ 5 ಹಾಕಿ ಆ ಫೈಲ್ ತೋರಸ್ರಿ. Blur ಕೊಡದ ಬಿಟ್ರ ಮೊಡವಿ, ಗಡ್ಡದ ಒಂದೊಂದ ಕೂದಲಕ್ಕೂ ಅಂಚು ನಡಗಿ ಹರಕ ಆಗ್ತದ. ಪಟ್ಟಿ ಮುಖ ಬಿಟ್ಟು ಸರದ್ರ ಅಂಕಿ ಹೆಚ್ಚಾಗೇದ ಅಂತ ತಿಳೀರಿ.

ಮುಧೋಳದಿಂದ
ಇಷ್ಟೆಲ್ಲಾ ಯಾಕ್ರಿ? ದೊಡ್ಡಾಟದ ಮ್ಯಾಳದವರ ಕಡೆ ಭುಜಕೀರ್ತಿ, ಎದಿಕಟ್ಟು ಇರ್ತಾವು, ಕೇಳಿ ತರ್ರಿ. ಬಣ್ಣಾನೂ ಅವರ ಹಚ್ಚತಾರ. ನಮ್ಮ ಕಡೆ ವೇಷದವ್ರು ಗಡ್ಡ ಬೋಳಸದ ಬಣ್ಣಕ್ಕ ಕುಂದರಾಂಗಿಲ್ಲ.

ವಿಜಯಪುರ, ಫೋಟೋ ಸ್ಟುಡಿಯೋ
ಕಾಕಾ, ಕೇಳಿದವರ ತಮ್ಮನ ಫೋಟೋ ತಗದಾಗೇದ. ಆದ್ರ ಗಡ್ಡದ ಮಾತು ಇಲ್ಲೂ ಬರ್ತದ. ಹುಬ್ಬು, ಗಡ್ಡದ ಮ್ಯಾಲ ಬಣ್ಣ ಸಮ ಕೂಡಾಂಗಿಲ್ಲ. ಅಲ್ಲಿ ಮಾಸ್ಕಿನ್ಯಾಗ ಸಣ್ಣ ಬ್ರಷ್‌ನಿಂದ ಕೂದಲ ದಿಕ್ಕಿನ್ಯಾಗ ಬಣ್ಣ ತೆಗೀರಿ.

ಬೆಳಗಾವಿ, ಶಹಾಪುರ
ತಲಿ ಇಟ್ಟಂಗ ಕಾಣೂದಕ್ಕ ಕಾರಣ ಕುತ್ತಿಗಿ ಪಟ್ಟಿ. ಕವಚ ಒಂದ ಲೇಯರ್ ಐತೇನ್ರಿ? ಹಂಗಿದ್ರ ಕೊಳ್ಳಿನ ಸುತ್ತಿನ ಉಕ್ಕಿನ ಬಳಿ ಎರಡ ತುಂಡ ಮಾಡ್ರಿ: ಹಿಂದಿನ ಅರ್ಧ ಕುತ್ತಿಗಿ ಕೆಳಗಿನ ಲೇಯರ್, ಮುಂದಿನದು ಕುತ್ತಿಗಿ ಮ್ಯಾಲ. ಕುತ್ತಿಗಿ ಆಗ ಕವಚದೊಳಗ ಇಳೀತೈತಿ.

ನೆರಳೂ ಎರಡ ಥರ ಬೇಕ. ಅಂಚಿಗೆ ಹತ್ತಿ 5 ಪಿಕ್ಸೆಲ್ ದಟ್ಟ ಗೆರಿ, ಅದರ ಹೊರಗ 50 ಪಿಕ್ಸೆಲ್ ಮೆತ್ತಗಿನದು, 30% ಸಾಕ. ಅಚ್ಚ ಕಪ್ಪ ಬ್ಯಾಡ, ಚರ್ಮದ ಮ್ಯಾಲ ಕಂದು ಹಚ್ಚರಿ. ಮತ್ತ ಬೆಳಕು ನೋಡ್ರಿ: ತಮ್ಮನ ಮೂಗಿನ ನೆರಳು ಬಲಕ್ಕ ಬಿದ್ದು ಕವಚದ ಹೊಳಪೂ ಬಲಕ್ಕ ಇದ್ರ ಕವಚ Flip Horizontal ಮಾಡ್ರಿ. ಅಕ್ಷರ, ಲಾಂಛನ ಇದ್ರ ಮಾತ್ರ ಇದು ನಡ್ಯಾಂಗಿಲ್ಲ.

ಕೇಳಿದವರು, ಬೆಳಗಾವಿ
ಹೌದ್ರಿ, ಒಂದ ಲೇಯರ್ ಇತ್ತು. ಕುತ್ತಿಗಿ ಸರಿ ಕುಂತತು. ಕೇಪ್ ಮಾತ್ರ ಇನ್ನೂ ಹಲಗಿ ಹಂಗ ಐತಿ. ಹಿಂದ ಬಾದಾಮಿ ಕಲ್ಲಬಂಡಿ ಹಾಕೀನಿ.

ಬೆಳಗಾವಿ, ಶಹಾಪುರ
ಕೇಪ್ ವಾರ್ಪ್ ಮಾಡಿ ಉಪಯೋಗ ಇಲ್ರಿ, ಮಡಿಕಿ ಸುಳ್ಳ ಕಾಣ್ತಾವು. ಕೆಂಪ ಹಾಸಿಗಿ ಬಟ್ಟಿ ತಮ್ಮನ ಹೆಗಲಿಗೆ ಎರಡ ಪಿನ್ ಹಚ್ಚಿ, ಟೇಬಲ್ ಫ್ಯಾನ್ ಬದಿಗಿಟ್ಟು, ಫೋಟೋ ತಗದ ಹೊತ್ತಿನ ಬೆಳಕಿನ್ಯಾಗ ಬಟ್ಟಿ ಅಷ್ಟ ಮತ್ತ ತೆಗೀರಿ. ಶಟರ್ 1/500ಕ್ಕಿಂತ ಕಡಿಮಿ ಆದ್ರ ಅಂಚು ಮಸಕ ಆಗ್ತೈತಿ.

ವಿಜಯಪುರ, ಫೋಟೋ ಸ್ಟುಡಿಯೋ
ತುದಿ ಸ್ವಲ್ಪ ಮಸಕ ಇದ್ರನ ಹಾರಿದಂಗ ಕಾಣ್ತದ, ನಾ 1/125 ಇಡತೀನಿ. ಬಾದಾಮಿ ಬಂಡಿ ಕೆಂಪ ಇರತಾವ, ಬಿಸಿಲಿನ್ಯಾಗ ಅದರ ಬಣ್ಣ ಉಕ್ಕಿಗೆ ಹೊಡಿತದ. ಕವಚದ ಬಂಡಿ ಕಡೆ ಬದಿಗೆ Soft Lightದಾಗ ಆ ಬಂಡಿದೇ ಕೆಂಪ ಎತ್ತಿ ಹಚ್ಚರಿ, ಇಲ್ಲಂದ್ರ ನೀಲಿ ಆಕಾಶ ಮೂಡಿದ ಉಕ್ಕು ಬ್ಯಾರೆ ಊರಿಂದ ಬಂದಂಗ ಕಾಣ್ತದ.

ಬಾಗಲಕೋಟೆಯಿಂದ
ಕೇಪಿಗೆ ಇಳಕಲ್ ಸೀರಿ ಸೆರಗು ನಡೀತೈತೇನ್ರಿ? ಟೋಪ ತೆನಿ ಚಂದ ಕಾಣ್ತೈತಿ.

ಬೆಳಗಾವಿ, ಶಹಾಪುರ
ನಡೀತೈತಿ, ಆದ್ರ ತೆನಿ ಸಾಲು ಮಡಿಕಿಯೊಳಗ ಮುರದು ಹೋಗ್ತೈತಿ. ಸೆರಗು ಪೂರಾ ಹಿಂದ ಬಿಚ್ಚಿ ಹಾರಿದ್ರಷ್ಟ ಕಾಣ್ತೈತಿ, ಅದಕ್ಕ ಫ್ಯಾನ್ ಎರಡ ಬೇಕಾಗಬಹುದು.