ಫ್ಲ್ಯಾಟ್ ನೋಡೋಕೆ ಬರ್ತಾರೆ, ಮತ್ತೆ ಫೋನೇ ಮಾಡಲ್ಲ

ಪ್ರಶ್ನೆ: ಸರ್, ನಮ್ಮ ಎರಡು ಬೆಡ್‌ರೂಮ್ ಫ್ಲ್ಯಾಟ್ ಮಾರೋಕೆ ಹಾಕಿದೀನಿ. "ರೆಡಿ ಟು ಮೂವ್, 1150 ಸ್ಕ್ವೇರ್ ಫೀಟ್, ಸ್ಟೇಷನ್‌ಗೆ 5 ನಿಮಿಷ, ರೇಟ್ ಮಾತಾಡಬಹುದು" ಅಂತ ಬರೆದಿದೀನಿ. ಹನ್ನೊಂದು ಜನ ಬಂದು ನೋಡಿದ್ರು, ಒಬ್ರೂ ತಿರುಗಿ ಫೋನ್ ಮಾಡಿಲ್ಲ. ಪೋಸ್ಟಲ್ಲಿ ಏನ್ ತಪ್ಪಿದೆ?

ಏಜೆಂಟ್: ಆ 5 ನಿಮಿಷ ನಡೆದು ನೋಡಿದ್ದಾ, ಬೈಕಲ್ಲಾ? ಮತ್ತೆ 1150 ಅನ್ನೋದು ಮೆಟ್ಟಿಲು, ಲಾಬಿ ಎಲ್ಲಾ ಸೇರಿದ ಸೂಪರ್ ಬಿಲ್ಟಪ್ ಇರ್ಬೇಕು, ಮನೆ ಒಳಗಿನ ಕಾರ್ಪೆಟ್ ಜಾಗ ಎಷ್ಟಿದೆ?

ಕೇಳಿದವರು: ಬೈಕಲ್ಲಿ ಸರ್. ಮ್ಯಾಪಲ್ಲಿ 600 ಮೀಟರ್ ತೋರಿಸುತ್ತೆ. ಕಾರ್ಪೆಟ್ 805.

ಸದಸ್ಯ 1: 600 ಮೀಟರ್ ಅಂದ್ರೆ ನಡ್ಕೊಂಡು 8 ನಿಮಿಷ. 8 ಅಂತ ಹಾಕ್ಬಿಡಿ, ಮುಗೀತು.

ಏಜೆಂಟ್: ನಡಿಗೆ ಲೆಕ್ಕ ಸರಿ ಇದೆ, ಜಪಾನಲ್ಲಿ ಮನೆ ಜಾಹೀರಾತಿನ ನಿಯಮನೇ 80 ಮೀಟರ್‌ಗೆ 1 ನಿಮಿಷ, ಚೂರು ಉಳಿದ್ರೂ ಮೇಲಕ್ಕೇ ಹಿಡೀಬೇಕು. ಆದ್ರೆ ಆ 600 ನೇರ ಗೆರೆ ಎಳೆದ ದೂರ ಅನ್ಸುತ್ತೆ, ಮನುಷ್ಯ ಕಾಂಪೌಂಡ್ ಹಾರ್ಕೊಂಡು ಹೋಗಲ್ವಲ್ಲ. ನಿಮ್ಮ ಬ್ಲಾಕಿನ ಲಿಫ್ಟ್ ಹತ್ರ ಟೈಮರ್ ಹಾಕಿ, ಬೆಳಿಗ್ಗೆ ಎಲ್ರೂ ಕೆಲ್ಸಕ್ಕೆ ಹೊರಡೋ ಹೊತ್ತಲ್ಲಿ ಸ್ಟೇಷನ್ ಬಾಗಿಲ ತನಕ ಒಂದ್ಸಲ ನಡೀರಿ, ರಸ್ತೆ ದಾಟೋಕೆ ಕಾಯೋದೂ ಸೇರ್ಲಿ.

ಸದಸ್ಯೆ 2: ಇದನ್ನ ಓದಿ ನಂದು ನೆನಪಾಯ್ತು. ನಾವು ಫ್ಲ್ಯಾಟ್ ತಗೊಂಡಾಗ್ಲೂ ಸ್ಟೇಷನ್ ಎದುರಿಗೇ ಅಂದಿದ್ರು, ಎದುರಿಗೇ ಇದೆ ನಿಜ, ಮಧ್ಯೆ ಹೈವೇ, ದಾಟೋಕೆ ಮೇಲ್ಸೇತುವೆ ಹತ್ಬೇಕು. ಅಮ್ಮಂಗೆ ಮಂಡಿನೋವು, ಮೂರು ವರ್ಷ ಆಯ್ತು ಒಂದೇ ಒಂದ್ ಸಲನೂ ಅವ್ರು ಆ ಸ್ಟೇಷನ್‌ಗೆ ಹೋಗಿಲ್ಲ.

ಸದಸ್ಯ 3: ಬಾಡಿಗೆ ಎಷ್ಟು ಸರ್, ಮುಂದಿನ ತಿಂಗ್ಳು ಸಿಗುತ್ತಾ?

ಕೇಳಿದವರು: ಬಾಡಿಗೆಗಲ್ಲ, ಮಾರಾಟಕ್ಕೆ. ಏಜೆಂಟ್ ಸರ್, ಇವತ್ತು ನಡೆದೆ. ಗೇಟಿಂದ ಸ್ಟೇಷನ್ 1050 ಮೀಟರ್, ಲಿಫ್ಟಿಂದ ಲೆಕ್ಕ ಹಾಕಿದ್ರೆ 17 ನಿಮಿಷ ಆಯ್ತು. ಇದನ್ನ ಬರೆದ್ರೆ ಯಾರ್ ಬರ್ತಾರೆ?

ಏಜೆಂಟ್: ಕಮ್ಮಿ ಜನ ಬರ್ತಾರೆ, ಬಂದವ್ರು ಬೇಕಾಗಿ ಬರ್ತಾರೆ. 5 ಅಂತ ಓದಿ ಬಂದವ್ರು ದಾರೀಲೇ ಮನಸ್ಸು ಮುರ್ಕೊಂಡಿರ್ತಾರೆ, ಆಮೇಲೆ ನೀವು ಕಾರ್ಪೆಟ್ 805 ಅಂದ್ರೂ ಅದ್ರಲ್ಲೂ ಏನೋ ಇದೆ ಅಂತ್ಲೇ ಕೇಳಿಸ್ಕೊಳ್ತಾರೆ. 1150ರಲ್ಲಿ 345 ಅಡಿ ಗೋಡೆ, ಮೆಟ್ಟಿಲು, ಲಾಬಿ ಅಂತ ಹೋಯ್ತಲ್ಲ, ಅಲ್ಲಿ ಮಂಚ ಹಾಕೋಕಾಗಲ್ಲ. ಅದಕ್ಕೇ ಕಾರ್ಪೆಟ್ ಮೊದ್ಲು, ರೂಮಿನ ಅಳತೆ ಆಮೇಲೆ. ಎರಡನೇ ರೂಮ್ ಎಷ್ಟಿದೆ?

ಕೇಳಿದವರು: ಹತ್ತಕ್ಕೆ ಒಂಬತ್ತು.

ಏಜೆಂಟ್: ಒಂಬತ್ತಡಿ ಕಡೆಗೆ ಐದಡಿ ಅಗಲದ ಮಂಚ ಹಾಕಿದ್ರೆ ನಾಲ್ಕಡಿ ಉಳೀತು, ವಾರ್ಡ್‌ರೋಬ್ ಎರಡಡಿ ತಿನ್ನುತ್ತೆ, ಓಡಾಡೋಕೆ ಎರಡೇ ಅಡಿ. ಬಾಗಿಲು ತೆಗೆಯೋ ವಾರ್ಡ್‌ರೋಬ್ ಆದ್ರೆ ಮಂಚಕ್ಕೆ ತಾಗೋ ಹಾಗಿರುತ್ತೆ, ಸ್ಲೈಡಿಂಗ್ ಬೇಕು. ಮಕ್ಕಳ ರೂಮ್ ಅಥವಾ ಕೂತು ಕೆಲ್ಸ ಮಾಡೋ ರೂಮ್‌ಗೆ ಸರಿ ಅಂತ ನೀವೇ ಬರೀರಿ, ಟೇಪ್ ತಂದು ಅವ್ರು ಕಂಡುಹಿಡಿಯೋಕೆ ಮುಂಚೆ. ಇನ್ನು ಈಗ ಮನೇಲಿ ಯಾರಾದ್ರೂ ಇದಾರಾ?

ಕೇಳಿದವರು: ಬಾಡಿಗೆಯವ್ರಿದಾರೆ, ಎರಡು ತಿಂಗ್ಳಲ್ಲಿ ಬಿಡ್ತಾರೆ.

ಏಜೆಂಟ್: ಹಾಗಾದ್ರೆ ರೆಡಿ ಟು ಮೂವ್ ಅಲ್ವೇ ಅಲ್ಲ. ದುಡ್ಡು ಕೊಟ್ಟು ಬೀಗದ ಕೈ ತಗೊಂಡು ಸಾಮಾನು ಇಳಿಸೋ ಹಾಗಿದ್ರೆ ಆ ಮಾತು. ಎರಡು ತಿಂಗ್ಳಿಗೆ ಖಾಲಿ ಅಂತ ನೇರ ಬರೀರಿ, ಲೋನ್ ಮಾಡಿಸೋರಿಗೆ ಹೇಗೂ ಟೈಮ್ ಬೇಕು. ರೇಟೂ ಹಾಕಿ, ಕೆಳಗಿಂದ ಮೇಲಕ್ಕೆ ಒಂದು ರೇಂಜ್. ಕೆಳಗಿನ ನಂಬರ್ ನೀವು ನಿಜವಾಗ್ಲೂ ಸೈನ್ ಹಾಕೋ ನಂಬರ್ ಆಗಿರ್ಬೇಕು.

ಕೇಳಿದವರು: ಕೆಳಗಿನದು ಹೇಳಿದ್ರೆ ಅಲ್ಲಿಂದ್ಲೇ ಚೌಕಾಸಿ ಶುರುವಾಗಲ್ವಾ ಸರ್?

ಏಜೆಂಟ್: ಎರಡು ನಂಬರ್ ಮಧ್ಯದ ವ್ಯತ್ಯಾಸ ಮನೇಲಿ ಬಿಟ್ಟುಹೋಗೋ ಸಾಮಾನಿಂದು ಅಂತ ತೋರಿಸಿದ್ರೆ ಹಾಗಾಗಲ್ಲ. ಖಾಲಿ ಮನೆಗೆ ಕೆಳಗಿನ ರೇಟು, ಕಿಚನ್ ಕ್ಯಾಬಿನೆಟ್ಟು, ವಾರ್ಡ್‌ರೋಬು, ಎಸಿ ಬಿಟ್ಟುಹೋದ್ರೆ ಮೇಲಿನದು ಅಂತ ಬರೀರಿ, ಪಾರ್ಕಿಂಗ್ ಎರಡರಲ್ಲೂ ಇದ್ಯಾ ಇಲ್ವಾ ಅನ್ನೋದೂ. ಸುಮ್ನೆ ಅಗಲ ರೇಂಜ್ ಹಾಕಿದ್ರೆ ಎಲ್ರೂ ಕೆಳಗಿನದನ್ನೇ ಓದ್ಕೊಂಡು ಬರ್ತಾರೆ.

ಸದಸ್ಯ 1: ನಾನಂತೂ ಒಪ್ಪಲ್ಲ, ಒಂದೇ ರೇಟ್ ಹಾಕ್ಬೇಕು. ನಾನು ಹಾಗೇ ಮಾರಿದ್ದು.

ಏಜೆಂಟ್: ಖಾಲಿ ಮಾಡಿಯೇ ಮಾರಿದ್ರೆ ನೀವು ಹೇಳಿದ್ದೇ ಸರಿ ಇರ್ಬಹುದು.

ಕೇಳಿದವರು: ಬದಲಾಯಿಸಿದೆ, ನೋಡಿ: "ಎರಡು ಬೆಡ್‌ರೂಮ್, ಕಾರ್ಪೆಟ್ 805, ಸೂಪರ್ ಬಿಲ್ಟಪ್ 1150. ಎರಡನೇ ರೂಮ್ 10 x 9, ಚಿಕ್ಕದು. ಲಿಫ್ಟಿಂದ ಸ್ಟೇಷನ್‌ಗೆ ನಡ್ಕೊಂಡು 17 ನಿಮಿಷ, ಒಂದು ದೊಡ್ಡ ರಸ್ತೆ ದಾಟ್ಬೇಕು. ಎರಡು ತಿಂಗ್ಳಲ್ಲಿ ಖಾಲಿ." ರೇಟು ಇವತ್ತು ರಾತ್ರಿ ಮನೇಲಿ ಮಾತಾಡಿ ಹಾಕ್ತೀನಿ.

ಸದಸ್ಯೆ 2: ಆ ರಸ್ತೇಲಿ ಸಿಗ್ನಲ್ ಇದ್ಯಾ, ಮೇಲ್ಸೇತುವೆನಾ ಅಂತನೂ ಸೇರಿಸಿ ಪ್ಲೀಸ್.